ಮೈನಸ್ 48 ಚೀಲ ಭತ್ತ: ಇಂಗ್ಲಿಷ್ ಲೆಕ್ಕ ಸಮೀಕರಣ ಆಗುವಾಗ ಎಲ್ಲಿ ಕೆಡುತ್ತದೆ, ಹೇಗೆ ಹುಡುಕೋದು

ನಾನು ಗಂಗಾವತಿ ಕಡೆ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಬಂದವರೇ ಜಾಸ್ತಿ. ಮನೆ ಮಾತು ಕೆಲವರದು ಕನ್ನಡ, ಕೆಲವರದು ತೆಲುಗು, ಕೆಲವರದು ಉರ್ದು, ತಾಂಡಾದಿಂದ ಬರುವವರದು ಲಂಬಾಣಿ. ಹಾಗಾಗಿ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಎರಡನೇ ಭಾಷೆಯೂ ಅಲ್ಲ, ಮೂರನೆಯದು.

ಹೋದ ವರ್ಷ ಈ ಲೆಕ್ಕ ಕೊಟ್ಟಿದ್ದೆ: "ಬಸಪ್ಪ ಹ್ಯಾಸ್ 12 ಬ್ಯಾಗ್ಸ್ ಲೆಸ್ ದ್ಯಾನ್ ತ್ರೀ ಟೈಮ್ಸ್ ದ ನಂಬರ್ ಆಫ್ ಬ್ಯಾಗ್ಸ್ ಹೊನ್ನೂರಪ್ಪ ಹ್ಯಾಸ್. ಟುಗೆದರ್ ದೇ ಹ್ಯಾವ್ 108 ಬ್ಯಾಗ್ಸ್. ಹೌ ಮೆನಿ ಬ್ಯಾಗ್ಸ್ ಡಸ್ ಬಸಪ್ಪ ಹ್ಯಾವ್?" ಭತ್ತದ ಚೀಲಗಳು, ನಮ್ಮ ಕಡೆಯ ಮಕ್ಕಳಿಗೆ ಹೊಸದೇನಲ್ಲ. ಹೊನ್ನೂರಪ್ಪನ ಚೀಲಗಳ ಸಂಖ್ಯೆಗೆ h ಇಟ್ಟುಕೊಳ್ಳಿ ಅಂದಿದ್ದೆ. ಒಬ್ಬ ಹುಡುಗಿ ಹೀಗೆ ಬರೆದಿದ್ದಳು:

```
h + 12 − 3h = 108
−2h = 96
h = −48
```

ಕೆಳಗೆ, ಉತ್ತರ 48 ಚೀಲ ಅಂತ ಬರೆದು ಎರಡು ಗೆರೆ ಎಳೆದಿದ್ದಳು. ಮೈನಸ್ ಚೀಲ ಇರೋದಿಲ್ಲ ಅಂತ ಅವಳಿಗೂ ಗೊತ್ತು, ಅದಕ್ಕೇ ಮೈನಸ್ಸನ್ನು ಸದ್ದಿಲ್ಲದೆ ಬಿಟ್ಟಿದ್ದಾಳೆ. ಇದೇ ಮೊದಲ ಲಕ್ಷಣ. ಪೇಪರ್ ತಿದ್ದುವಾಗ, ಬಿಡಿಸಿದ ಸಾಲುಗಳೆಲ್ಲ ಸರಿ ಇದ್ದು ಕೊನೆ ಸಾಲಿನಲ್ಲಿ ಚಿಹ್ನೆ ಮಾಯ ಆಗಿದ್ದರೆ, "ಚಿಹ್ನೆ ತಪ್ಪು" ಅಂತ ಅರ್ಧ ಮಾರ್ಕ್ ಕಳೆದು ಮುಂದೆ ಹೋಗಬೇಡಿ. ತಪ್ಪು ಅಲ್ಲಿಲ್ಲ, ಮೊದಲ ಸಾಲಿನಲ್ಲಿದೆ. 3h − 12 ಆಗಬೇಕಾದ್ದು 12 − 3h ಆಗಿದೆ.

"ಯಾಕವಾ, ಹನ್ನೆರಡು ಮೊದಲು ಯಾಕೆ ಬರೆದೆ?" ಅಂತ ಕೇಳಿದೆ.

"ಅದೇ ಮೊದಲು ಐತಲ್ರಿ ಸರ್."

ಅವಳು ಹೇಳಿದ್ದು ನಿಜ. ಇಂಗ್ಲಿಷ್ ವಾಕ್ಯದಲ್ಲಿ ಹನ್ನೆರಡೇ ಮೊದಲು ಇದೆ.

ಮೊದಲು ಯಾವುದು ಕೆಟ್ಟಿಲ್ಲ ಅಂತ ನೋಡಿ

ಇಂಥ ತಪ್ಪು ಕಂಡ ತಕ್ಷಣ ನಾವು ಮಾಡೋದು ಎರಡೇ ಕೆಲಸ. ಒಂದು, ಸಮೀಕರಣ ಬಿಡಿಸೋದನ್ನು ಇನ್ನೊಮ್ಮೆ ಹೇಳಿಕೊಡ್ತೀವಿ. ಇಲ್ಲ, "ಇಂಗ್ಲಿಷ್ ವೀಕ್" ಅಂತ ಇಂಗ್ಲಿಷ್ ಮೇಷ್ಟ್ರ ಕಡೆ ಕೈ ತೋರಿಸ್ತೀವಿ. ನಾನೂ ಎರಡನ್ನೂ ಮಾಡಿದ್ದೇನೆ, ಎರಡರಿಂದಲೂ ಏನೂ ಆಗಲಿಲ್ಲ. ಈಗ ನಾಲ್ಕು ಚೀಟಿ ಇಟ್ಟುಕೊಂಡು ಪರೀಕ್ಷೆ ಮಾಡುತ್ತೇನೆ.

ಮೊದಲ ಚೀಟಿಯಲ್ಲಿ ಬರೀ 4h − 12 = 108 ಇರುತ್ತದೆ. ಬಿಡಿಸಿ ಕೊಡು ಅಂತೀನಿ. 30 ಬಂದರೆ ಬಿಡಿಸೋ ಕೆಲಸ ಚೆನ್ನಾಗಿದೆ, ಅದನ್ನು ಮತ್ತೆ ಮುಟ್ಟೋದು ಬೇಡ. ಎರಡನೇ ಚೀಟಿ ಕನ್ನಡದಲ್ಲಿ, ಅಕ್ಷರ ಇಲ್ಲದೆ: "ಹೊನ್ನೂರಪ್ಪನ ಹತ್ತಿರ 25 ಚೀಲ ಇವೆ. ಅದರ ಮೂರು ಪಟ್ಟಿಗಿಂತ 12 ಕಡಿಮೆ ಬಸಪ್ಪನ ಹತ್ತಿರ ಇವೆ. ಬಸಪ್ಪನ ಹತ್ತಿರ ಎಷ್ಟು?" ಮೂರನೇ ಚೀಟಿಯಲ್ಲಿ ಅದೇ ಕನ್ನಡ ವಾಕ್ಯ, 25ರ ಜಾಗದಲ್ಲಿ h. ನಾಲ್ಕನೆಯದರಲ್ಲಿ ಇಂಗ್ಲಿಷ್ ತುಂಡು ಮಾತ್ರ: "12 ಲೆಸ್ ದ್ಯಾನ್ ತ್ರೀ ಟೈಮ್ಸ್ h."

ಆ ಹುಡುಗಿ ಮೊದಲ ಮೂರನ್ನೂ ಸರಿ ಮಾಡಿದಳು. ಎರಡನೆಯದನ್ನಂತೂ ಬಾಯಲ್ಲೇ, "ಎಪ್ಪತ್ತೈದರಾಗ ಹನ್ನೆರಡು ಹೋದ್ರ ಅರವತ್ಮೂರು" ಅಂದಳು. ನಾಲ್ಕನೆಯದಕ್ಕೆ ಮತ್ತೆ 12 − 3h. ಅಲ್ಲಿಗೆ ಕೆಟ್ಟ ಜಾಗ ಸಿಕ್ಕಿತು. ಗಣಿತವೂ ಕೆಟ್ಟಿಲ್ಲ, ಹೋಲಿಕೆ ಅರ್ಥ ಆಗೋದೂ ಕೆಟ್ಟಿಲ್ಲ. ಇಂಗ್ಲಿಷ್ ಪದಗಳು ನಿಂತ ಸಾಲಿನಲ್ಲೇ ಚಿಹ್ನೆಗಳನ್ನೂ ನಿಲ್ಲಿಸುತ್ತಿದ್ದಾಳೆ, ಅಷ್ಟೇ. ಮೂರನೇ ಚೀಟಿಯಲ್ಲೇ ಎಡವಿದ್ದರೆ ಅದು ಬೇರೆ ಕಾಯಿಲೆ, ಆಮೇಲೆ ಹೇಳುತ್ತೇನೆ.

ಓದೋದೇ ಬರದ ಮಗುವಿಗೆ ಈ ಚೀಟಿಗಳಿಂದ ಉಪಯೋಗ ಇಲ್ಲ. ಆಸ್ಟ್ರೇಲಿಯಾದ ಆನ್ ನ್ಯೂಮನ್ 1977ರಲ್ಲಿ ಪ್ರಕಟಿಸಿದ ಒಂದು ವಿಧಾನ ಇದೆ, ಐದು ಹೆಜ್ಜೆಯದು. ಲೆಕ್ಕವನ್ನು ಗಟ್ಟಿಯಾಗಿ ಓದು, ಏನು ಕೇಳಿದ್ದಾರೆ ಹೇಳು, ಹೇಗೆ ಮಾಡ್ತೀಯ ಹೇಳು, ಮಾಡಿ ತೋರಿಸು, ಉತ್ತರ ಬರಿ. ಮಗು ಮೊದಲು ಎಲ್ಲಿ ಎಡವುತ್ತೋ ಅದೇ ದೋಷದ ಜಾಗ, ಅದರ ಮುಂದಿನ ಹೆಜ್ಜೆಗಳನ್ನು ನೋಡೋದು ಸುಮ್ನೆ. ನನ್ನ ನಾಲ್ಕು ಚೀಟಿ ಇದರ ಮೂರನೇ ಹೆಜ್ಜೆಯನ್ನು ಇನ್ನಷ್ಟು ಬಿಚ್ಚಿ ನೋಡೋದಕ್ಕೆ. ಗಟ್ಟಿಯಾಗಿ ಓದಿಸುವಾಗ "ದ್ಯಾನ್" ಅನ್ನೋದನ್ನು "ದೆನ್" ಅಂತ ಓದಿ ಆಮೇಲೆ ಅಂತ ಅರ್ಥ ಮಾಡಿಕೊಳ್ಳುವ ಮಕ್ಕಳು ಪ್ರತಿ ವರ್ಷ ಒಂದಿಬ್ಬರು ಸಿಗ್ತಾರೆ. ಪಾಪ, ಅವರಿಗೆ ಆ ಲೆಕ್ಕ "12 ಕಡಿಮೆ, ಆಮೇಲೆ ಮೂರು ಪಟ್ಟು" ಅಂತ ಕೇಳಿಸುತ್ತದೆ.

ಸಾಲು ತಿರುಗಿದ ದೋಷ

ಕನ್ನಡದಲ್ಲಿ "x ಗಿಂತ 5 ಕಡಿಮೆ" ಅಂತೀವಿ. ಹೇಳಿದ ಸಾಲಿನಲ್ಲೇ ಬರೆದರೆ x − 5, ಸರಿ. ತೆಲುಗಿನಲ್ಲಿ "x ಕಂಟೆ ಐದು ತಕ್ಕುವ", ಉರ್ದುವಿನಲ್ಲಿ "x ಸೆ ಪಾಂಚ್ ಕಮ್". ತಾಂಡಾದ ಮಕ್ಕಳನ್ನು ಕೇಳಿದೆ, ಲಂಬಾಣಿಯಲ್ಲೂ ಯಾವುದಕ್ಕೆ ಹೋಲಿಸ್ತೀವೋ ಅದೇ ಮೊದಲು. ಅಂದರೆ ನನ್ನ ಕ್ಲಾಸಿನಲ್ಲಿ ನಾಲ್ಕು ಮನೆ ಮಾತು ಇದ್ದರೂ ಈ ವಿಷಯದಲ್ಲಿ ಎಲ್ಲ ಒಂದೇ ಕಡೆ, ಇಂಗ್ಲಿಷ್ ಒಂದೇ ಇನ್ನೊಂದು ಕಡೆ. "ಫೈವ್ ಲೆಸ್ ದ್ಯಾನ್ x." ಹಾಗೇನೇ "x ನಿಂದ 5 ಕಳೆ" ಅಂದರೆ ಸಾಲು ಸರಿ ಇರುತ್ತದೆ, "ಸಬ್‌ಟ್ರಾಕ್ಟ್ 5 ಫ್ರಮ್ x" ಅಂದರೆ ತಿರುಗುತ್ತದೆ. ಇಷ್ಟು ವರ್ಷ ಕೇಳಿದ ಸಾಲಿನಲ್ಲೇ ಬರೆದು ಸರಿ ಉತ್ತರ ಪಡೆದ ಮಗು ಇಂಗ್ಲಿಷ್‌ನಲ್ಲೂ ಅದನ್ನೇ ಮಾಡುತ್ತದೆ. ಅದು ದಡ್ಡತನ ಅಲ್ಲ, ಒಳ್ಳೆ ಅಭ್ಯಾಸ ತಪ್ಪು ಜಾಗದಲ್ಲಿ ಬಿದ್ದಿದೆ.

ಈ ದೋಷ ಬಹಳ ದಿನ ಕಣ್ಣಿಗೆ ಬೀಳದೆ ಇರೋದಕ್ಕೆ ಒಂದು ಕಾರಣ ಇದೆ. ನಾವು ಮೊದಲು "ಮೋರ್ ದ್ಯಾನ್" ಕಲಿಸ್ತೀವಿ. "ಫೈವ್ ಮೋರ್ ದ್ಯಾನ್ x" ಅಂದರೆ ಮಗು 5 + x ಬರೆಯುತ್ತದೆ, ಅದೂ ಸರಿ, x + 5 ಕೂಡ ಸರಿ. ಕೂಡೋದರಲ್ಲಿ ಹಿಂದುಮುಂದಾದರೂ ಉತ್ತರ ಬದಲಾಗೋದಿಲ್ಲ. ಹಾಗಾಗಿ ಒಂದು ವಾರ "ಮೋರ್ ದ್ಯಾನ್" ಲೆಕ್ಕ ಮಾಡಿಸಿ ಎಲ್ಲರಿಗೂ ಬಂತು ಅಂತ ಖುಷಿಪಟ್ಟರೆ, ದೋಷ ಒಳಗೇ ಕೂತಿರುತ್ತದೆ. ಪರೀಕ್ಷೆ ಮಾಡೋದಾದರೆ ಕಳೆಯೋ ಲೆಕ್ಕದಲ್ಲೇ ಮಾಡಿ.

ಇನ್ನೊಂದು ಸಣ್ಣ ಪದ, "ಈಸ್". ಕನ್ನಡದಲ್ಲಿ "ಇದು ಪೆನ್ನು" ಅಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಅದಕ್ಕೇ ನಮ್ಮ ಮಕ್ಕಳು ಇಂಗ್ಲಿಷ್ ಓದುವಾಗ "ಈಸ್" ಮೇಲೆ ಕಣ್ಣು ನಿಲ್ಲಿಸೋದೇ ಇಲ್ಲ. ಆದರೆ ಲೆಕ್ಕದಲ್ಲಿ ಎಷ್ಟೋ ಸಲ ಸಮ ಚಿಹ್ನೆ ಕೂರುವ ಜಾಗವೇ ಅದು. "ತ್ರೀ ಟೈಮ್ಸ್ ಎ ನಂಬರ್ ಈಸ್ 12 ಮೋರ್ ದ್ಯಾನ್ ದ ನಂಬರ್" ಅನ್ನೋ ವಾಕ್ಯಕ್ಕೆ 3x + 12 ಅಂತ ಬರೆದು, ಮುಂದೆ ಏನು ಮಾಡೋದು ಸರ್ ಅಂತ ಪೆನ್ನು ಕಚ್ಚುತ್ತ ಕೂತ ಹುಡುಗರನ್ನು ಎಷ್ಟು ನೋಡಿದ್ದೇನೋ. ಅದನ್ನೇ ಕನ್ನಡದಲ್ಲಿ ಹೇಳಿದರೆ "ಒಂದು ಸಂಖ್ಯೆಯ ಮೂರು ಪಟ್ಟು, ಅದೇ ಸಂಖ್ಯೆಗಿಂತ 12 ಜಾಸ್ತಿ." ಆ ಅಲ್ಪವಿರಾಮದಲ್ಲೇ ಸಮ ಚಿಹ್ನೆ ಅಡಗಿದೆ. 3x = x + 12, ಅಂದರೆ x = 6. ನಾನು ಈಗ "ಈಸ್" ಕಂಡಲ್ಲಿ ಪೆನ್ಸಿಲಿನಲ್ಲಿ ಸುತ್ತು ಹಾಕಿಸುತ್ತೇನೆ. ಹಾಗಂತ ಸುತ್ತು ಹಾಕಿದ್ದೆಲ್ಲ ಸಮ ಚಿಹ್ನೆ ಅಂತ ಹೇಳಬೇಡಿ. "ಫೈವ್ ಈಸ್ ಲೆಸ್ ದ್ಯಾನ್ x" ಅಂದರೆ 5 < x, "ಫೈವ್ ಲೆಸ್ ದ್ಯಾನ್ x" ಅಂದರೆ x − 5. ಒಂದು ಪದದಲ್ಲಿ ಕಥೆಯೇ ಬೇರೆ. ಸುತ್ತು ಹಾಕಿಸೋದು ಅಲ್ಲಿ ನಿಂತು ನೋಡಲಿ ಅಂತ.

ರಿಪೇರಿ

"ದ್ಯಾನ್ ಆದ ಮೇಲೆ ಬಂದಿದ್ದನ್ನು ಮೊದಲು ಬರಿ" ಅಂತ ಸೂತ್ರ ಕೊಟ್ಟರೆ ಅವತ್ತಿಗೆ ಎಲ್ಲರಿಗೂ ಸರಿ ಬರುತ್ತದೆ. ಎರಡು ವಾರ ಬಿಟ್ಟು ಕೇಳಿ, "ಈಸ್ ಲೆಸ್ ದ್ಯಾನ್" ಅನ್ನೂ ತಿರುಗಿಸಿ ಬರೆದಿರ್ತಾರೆ. ನನ್ನ ಗೋಡೆ ಮೇಲೆ ಒಂದು ಚಾರ್ಟ್ ಇತ್ತು, "ಮೋರ್" ಅಂದರೆ ಪ್ಲಸ್, "ಲೆಸ್" ಅಂದರೆ ಮೈನಸ್, "ಟೈಮ್ಸ್" ಅಂದರೆ ಗುಣಿಸು ಅಂತ ಬಣ್ಣದ ಅಕ್ಷರದಲ್ಲಿ, ನಾನೇ ರಾತ್ರಿ ಕೂತು ಬರೆದಿದ್ದೆ. ಒಂದು ದಿನ "ಫಾತಿಮಾ ಹ್ಯಾಸ್ 45 ರುಪೀಸ್. ಶೀ ಹ್ಯಾಸ್ 10 ರುಪೀಸ್ ಮೋರ್ ದ್ಯಾನ್ ಲಕ್ಷ್ಮಿ. ಹೌ ಮಚ್ ಡಸ್ ಲಕ್ಷ್ಮಿ ಹ್ಯಾವ್?" ಅಂತ ಕೊಟ್ಟೆ. ಹೆಚ್ಚುಕಮ್ಮಿ ಅರ್ಧ ಕ್ಲಾಸು ಚಾರ್ಟ್ ನೋಡಿ 55 ಅಂತು. 35 ಅಂದವರು ಚಾರ್ಟ್ ನೋಡದವರು. ಅವತ್ತು ಸಂಜೆ ಅದನ್ನು ತೆಗೆದೆ.

ಈಗ ಅಕ್ಷರಕ್ಕಿಂತ ಮೊದಲು ಸಂಖ್ಯೆ ಹಾಕಿಸುತ್ತೇನೆ. ಭತ್ತದ ಲೆಕ್ಕವನ್ನೇ ತೆಗೆದುಕೊಳ್ಳಿ. ಮೊದಲು ಇಂಗ್ಲಿಷ್ ವಾಕ್ಯವನ್ನು ಅವಳ ಮಾತಿನಲ್ಲಿ ಹೇಳಿಸಬೇಕು, ಯಾವ ಭಾಷೆ ಆದರೂ ಸರಿ. "ಹೊನ್ನೂರಪ್ಪಂದು ಮೂರು ಪಟ್ಟು ಮಾಡಿ ಅದರಾಗ ಹನ್ನೆರಡು ತೆಗದ್ರ ಬಸಪ್ಪಂದು" ಅಂದಳು. ಆಮೇಲೆ, ಹೊನ್ನೂರಪ್ಪನ ಹತ್ತಿರ ಸುಮ್ನೆ 10 ಚೀಲ ಇವೆ ಅಂದುಕೋ ಅಂದೆ. ಉತ್ತರ ಹಾಕಬೇಡ, ಮಾಡಿದ ಕೆಲಸ ಪೂರ್ತಿ ಬರಿ.

```
10   3×10 − 12   10 + 3×10 − 12 = 28
25   3×25 − 12   25 + 3×25 − 12 = 88
30   3×30 − 12   30 + 3×30 − 12 = 108
h    3×h − 12    h + 3×h − 12 = 108
```

ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ಎರಡನೇ ಕಂಬದಲ್ಲಿ 18, 63, 78 ಅಂತ ಬರೆಯೋದಕ್ಕೆ ಬಿಡಬೇಡಿ. 18 ಅಂತ ಬರೆದರೆ ಅದು ಹೇಗೆ ಬಂತು ಅನ್ನೋದು ಅಳಿಸಿಹೋಗುತ್ತದೆ. 3×10 − 12 ಅಂತಲೇ ಇದ್ದರೆ ಕಣ್ಣಿಗೆ ಕಾಣುತ್ತದೆ, ಪ್ರತಿ ಸಾಲಿನಲ್ಲೂ ಬದಲಾಗೋದು ಒಂದೇ ಜಾಗ, ಉಳಿದಿದ್ದೆಲ್ಲ ಹಾಗೇ ಇದೆ. ಬದಲಾಗುವ ಜಾಗದ ಮೇಲೆ ಬೆರಳಿಡು ಅಂದೆ, ಇಟ್ಟಳು. ಅಲ್ಲಿ h ಬರಿ ಅಂದೆ. ಸಮೀಕರಣ ಅವಳ ಕೈಯಲ್ಲೇ ಬಂತು, ನಾನು ಹೇಳಿಕೊಡಬೇಕಾಗಲಿಲ್ಲ.

ಅಷ್ಟಾದ ಮೇಲೆ ಅವಳ ಹಳೇ 12 − 3h ಮುಂದಿಟ್ಟು, ಇದರಲ್ಲೂ 10 ಹಾಕಿ ನೋಡು ಅಂದೆ. 12 − 30, ಮೈನಸ್ 18. ಪಕ್ಕದ ಹುಡುಗ ಇಣುಕಿ ನೋಡಿ "ಬಸಪ್ಪ ಸಾಲದಾಗ ಅದಾನ್ರಿ" ಅಂದ. ಎಲ್ಲರೂ ನಕ್ಕರು. ಆದರೆ ಆ ಪರೀಕ್ಷೆಯನ್ನು ಅವಳು ಆಮೇಲೆ ತಾನೇ ಮಾಡಿಕೊಳ್ಳೋಕೆ ಶುರು ಮಾಡಿದಳು. ಸಮೀಕರಣ ಬರೆದ ಕೂಡಲೇ ಬಿಡಿಸದೆ, ಮಾರ್ಜಿನ್ನಿನಲ್ಲಿ 10 ಹಾಕಿ ನೋಡೋದು.

30 ಕ್ಕೆ 108 ಬಂದೇಬಿಟ್ಟಿತಲ್ಲ, ಇನ್ನು ಸಮೀಕರಣ ಯಾಕೆ ಅಂತ ಹುಷಾರಾದ ಮಕ್ಕಳು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. 108ರ ಬದಲು 110 ಕೊಟ್ಟು ಅದೇ ಪಟ್ಟಿಯಲ್ಲಿ ಹುಡುಕು ಅನ್ನಿ. 30 ಕಡಿಮೆ ಆಯಿತು, 31 ಜಾಸ್ತಿ ಆಯಿತು. ಚೀಲದ ಲೆಕ್ಕಕ್ಕೆ ಅದು ಚೆನ್ನಾಗಿ ಕಾಣೋದಿಲ್ಲ, ಅರ್ಧ ಚೀಲ ಬರುತ್ತದೆ, ಆದರೆ ಊಹೆ ಎಲ್ಲಿ ನಿಲ್ಲುತ್ತದೆ ಅನ್ನೋದು ಗೊತ್ತಾಗುತ್ತದೆ.

ಕನ್ನಡದಲ್ಲೇ ಎಡವಿದರೆ

ಮೂರನೇ ಚೀಟಿಯಲ್ಲೇ ತಪ್ಪಿದವರ ಕಥೆ ಬೇರೆ ಅಂದೆನಲ್ಲ. ಅವರಿಗೆ ಈ ವಾಕ್ಯ ಕೊಡಿ: "ಒಂದು ಹಟ್ಟಿಯಲ್ಲಿ ಪ್ರತಿ ಆಡಿಗೆ ನಾಲ್ಕು ಕುರಿ ಇವೆ. ಆಡುಗಳ ಸಂಖ್ಯೆ a, ಕುರಿಗಳ ಸಂಖ್ಯೆ k. ಸಮೀಕರಣ ಬರಿ." ಬಹಳ ಜನ a = 4k ಬರೆಯುತ್ತಾರೆ. ಅಚ್ಚ ಕನ್ನಡ, ಮನೆ ಮಾತು, ದಿನಾ ನೋಡುವ ಕುರಿ. ಆದರೂ ತಪ್ಪು, k = 4a ಆಗಬೇಕು.

ಇದು ಬರೀ ನಮ್ಮ ಮಕ್ಕಳ ಕಾಯಿಲೆ ಅಲ್ಲ. ಅಮೆರಿಕದಲ್ಲಿ ಕ್ಲೆಮೆಂಟ್, ಲಾಕ್‌ಹೆಡ್, ಮಂಕ್ ಅನ್ನುವವರು 1981ರಲ್ಲಿ ಇದನ್ನೇ ಬರೆದರು. ಎಂಜಿನಿಯರಿಂಗ್ ಓದೋಕೆ ಬಂದ ಹುಡುಗರಿಗೆ, ಪ್ರೊಫೆಸರ್‌ಗಳ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ, ವಿದ್ಯಾರ್ಥಿಗಳ ಸಂಖ್ಯೆ S, ಪ್ರೊಫೆಸರ್‌ಗಳ ಸಂಖ್ಯೆ P, ಸಮೀಕರಣ ಬರೆಯಿರಿ ಅಂದರೆ, ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ತಪ್ಪಿದರು. ಹೆಚ್ಚಿನ ತಪ್ಪು ಒಂದೇ ಥರ, 6S = P. ಅವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಮನೆ ಭಾಷೆಯೇ. ಹಾಗಾಗಿ ಈ ದೋಷ ಕಂಡಾಗ ಇಂಗ್ಲಿಷ್ ಪಾಠ ಜಾಸ್ತಿ ಮಾಡೋದರಿಂದ ಪ್ರಯೋಜನ ಇಲ್ಲ.

ಇಲ್ಲಿ ಕೆಟ್ಟಿರೋದು ಅಕ್ಷರದ ಅರ್ಥ. ಮಗುವಿಗೆ k ಅಂದರೆ ಕುರಿ. a ಅಂದರೆ ಆಡು. "ಒಂದು ಆಡು, ನಾಲ್ಕು ಕುರಿ" ಅನ್ನೋದನ್ನು ಚಿತ್ರ ಬರೆದ ಹಾಗೆ ಬರೆದಿದೆ, ಮಧ್ಯ ಇರೋ ಸಮ ಚಿಹ್ನೆ ಬರೀ "ಇದಕ್ಕೆ ಇದು" ಅನ್ನೋ ಗುರುತು. ಇದನ್ನು ಅದಕ್ಕೆ ಕಲಿಸಿದವರು ನಾವೇ. 1 m = 100 cm ಅಂತ ಐದನೇ ಕ್ಲಾಸಿನಿಂದ ಬರೆಸ್ತೀವಿ. ಅಲ್ಲಿ m ಅಂದರೆ ಮೀಟರ್ ಅನ್ನೋ ಹೆಸರು, ಸಂಖ್ಯೆ ಅಲ್ಲ. ನಮ್ಮ ಕಡೆ ಒಂದು ಚೀಲ ಭತ್ತ ಅಂದರೆ 75 ಕೆ.ಜಿ. ಅಂತ ಹಿಡಿಯೋದು, ಅದನ್ನು ಹುಡುಗರು ಸಲೀಸಾಗಿ "1 ಚೀಲ = 75 ಕೆ.ಜಿ." ಅಂತ ಬರೀತಾರೆ, ಸರಿಯೇ. ಆದರೆ ಚೀಲಗಳ ಸಂಖ್ಯೆ c, ಕೆ.ಜಿ.ಗಳ ಸಂಖ್ಯೆ k ಆದರೆ ಸಮೀಕರಣ k = 75c, ತಿರುಗಿತು! 2 ಚೀಲ ಹಾಕಿ ನೋಡಿ, 150 ಬರಬೇಕು. c = 75k ಅಂತ ಬರೆದವರಿಗೆ 2 ಕೆ.ಜಿ. ಭತ್ತಕ್ಕೆ 150 ಚೀಲ ಬರುತ್ತದೆ. ಇದನ್ನು ಒಮ್ಮೆ ಬೋರ್ಡ್ ಮೇಲೆ ತೋರಿಸಿದರೆ ದಲಾಲಿ ಅಂಗಡಿಯವರ ಮಕ್ಕಳು ಮೊದಲು ನಗ್ತಾರೆ.

ಇದಕ್ಕೆ ಎರಡು ಮಾಡುತ್ತೇನೆ. ವಸ್ತುವಿನ ಮೊದಲ ಅಕ್ಷರ ಬಳಸೋದನ್ನು ಸ್ವಲ್ಪ ದಿನ ನಿಲ್ಲಿಸುತ್ತೇನೆ, ಕುರಿಗೆ k ಬೇಡ, x ಇರಲಿ, y ಇರಲಿ. ಮತ್ತೆ ಪ್ರತಿ ಲೆಕ್ಕದ ಮೊದಲ ಸಾಲಿನಲ್ಲಿ "x = ಕುರಿಗಳ ಸಂಖ್ಯೆ" ಅಂತ ಪೂರ್ತಿ ಬರೆಸುತ್ತೇನೆ. "x = ಕುರಿ" ಅಂತ ಬರೆದರೆ ವಾಪಸ್ ಕೊಡುತ್ತೇನೆ, ಮುಂದೆ ಎಲ್ಲ ಸರಿ ಇದ್ದರೂ. ಭತ್ತದ ಲೆಕ್ಕದಲ್ಲಿ ನಾನೇ ಹೊನ್ನೂರಪ್ಪನಿಗೆ h ಇಟ್ಟಿದ್ದೆ ಅಂತ ನೀವು ಕೇಳಬಹುದು. ಹೌದು, ಇಟ್ಟಿದ್ದೆ. ಅವಳಿಗೆ ಅಕ್ಷರದ ದೋಷ ಇರಲಿಲ್ಲ, ಹಾಗಾಗಿ ಬಚಾವಾದೆ.

"ಮೂರು ಪಟ್ಟು ಜಾಸ್ತಿ" ಅನ್ನೋ ಮಾತನ್ನು ಮಾತ್ರ ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಹಾಕಬೇಡಿ. ಕೆಲವರು ಅದನ್ನು 3x ಅಂತ ಓದುತ್ತಾರೆ, ಕೆಲವರು 4x ಅಂತ. ಮಾತೇ ಎರಡರ್ಥದ್ದು. "ಮೂರು ಪಟ್ಟು" ಅಂತ ಬರೆದರೆ ಸಾಕು, ಇಂಗ್ಲಿಷ್‌ನಲ್ಲಾದರೆ "ತ್ರೀ ಟೈಮ್ಸ್ ಆಸ್ ಮೆನಿ ಆಸ್".

ಸಮಯ ಎಷ್ಟು ಬೇಕು

ಒಂದು ಮಗುವಿಗೆ ನಾಲ್ಕು ಚೀಟಿ ಕೊಟ್ಟು ಕೇಳೋಕೆ ಹತ್ತು ನಿಮಿಷ. ಕ್ಲಾಸಿನಲ್ಲಿ 45 ಜನ ಇದ್ದರೆ ಎಲ್ಲರದ್ದೂ ಆಗೋದಿಲ್ಲ. ನಾನು ಟೆಸ್ಟ್ ಪೇಪರಿನಲ್ಲಿ ಚಿಹ್ನೆ ಕಳೆದುಕೊಂಡವರನ್ನು ಮಾತ್ರ ಆರಿಸಿ ದಿನಕ್ಕೆ ಇಬ್ಬರನ್ನು ಕೂರಿಸಿಕೊಳ್ಳುತ್ತೇನೆ. ಉಳಿದವರಿಗೆ ತಿರುಗಿಸಿದ ಕೆಲಸ: 3x − 12 ಅನ್ನೋದನ್ನು ಬೋರ್ಡ್ ಮೇಲೆ ಬರೆದು, ಇದಕ್ಕೆ ಮೊದಲು ಮನೆ ಮಾತಿನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಮಾಡಿ ಅಂತ. ಪರೀಕ್ಷೆ ಇಂಗ್ಲಿಷ್‌ನಲ್ಲೇ ಇರೋದು, ಕನ್ನಡದಲ್ಲೇ ನಿಂತರೆ ಮಕ್ಕಳಿಗೆ ನಷ್ಟ. ಯಾರು "ತ್ರೀ ಟೈಮ್ಸ್ x ಲೆಸ್ ದ್ಯಾನ್ 12" ಅಂತ ಬರೀತಾರೋ ಅವರು ನಾಳೆಯ ಇಬ್ಬರ ಪಟ್ಟಿಗೆ ಸೇರುತ್ತಾರೆ.

ಆ ಹುಡುಗಿಗೆ ಮೂರು ವಾರ ಬಿಟ್ಟು ಅದೇ ಭತ್ತದ ಲೆಕ್ಕವನ್ನು ಮತ್ತೆ ಕೊಟ್ಟೆ. ಮಾರ್ಜಿನ್ನಿನಲ್ಲಿ 10 ಹಾಕಿ ನೋಡಿದ ಗುರುತು ಇತ್ತು. h + 3h − 12 = 108, 4h = 120, h = 30, ಎಲ್ಲ ಚೆನ್ನಾಗಿತ್ತು. ಕೆಳಗೆ ಉತ್ತರ 30 ಚೀಲ ಅಂತ ಬರೆದು ಎರಡು ಗೆರೆ ಎಳೆದಿದ್ದಳು. ಕೇಳಿದ್ದು ಬಸಪ್ಪನ ಚೀಲ, 78. ನ್ಯೂಮನ್ ಹೇಳಿದ ಐದನೇ ಹೆಜ್ಜೆಗೆ ಬಂದು ನಿಂತಿದ್ದಾಳೆ. ಈಗ ಮೊದಲ ಸಾಲಿನಲ್ಲಿ "h = ಹೊನ್ನೂರಪ್ಪನ ಚೀಲಗಳ ಸಂಖ್ಯೆ" ಅಂತ ಬರೆಸಿ, ಅದರ ಪಕ್ಕದಲ್ಲೇ "ಕೇಳಿದ್ದು: ಬಸಪ್ಪನದು" ಅಂತ ಇನ್ನೊಂದು ಸಾಲು ಬರೆಸುತ್ತಿದ್ದೇನೆ.